ತಾರೀಕು ಸರಿ, ಹೊತ್ತು ತಪ್ಪಿತ್ತು

ಪರೀಕ್ಷೆ ಮುಂದೂಡಿದ ಸುತ್ತೋಲೆಯನ್ನು ನೋಟಿಸ್ ಬೋರ್ಡಿಗೆ ಹಚ್ಚಿ ನಾಲ್ಕನೇ ಪಿನ್ನು ಚುಚ್ಚುವಷ್ಟರಲ್ಲಿ ಅದರ ಮುಂದೆ ಹತ್ತು ಮೊಬೈಲು ಎದ್ದಿರುತ್ತವೆ. ಫೋಟೊ ತೆಗೆದದ್ದಾಯಿತು, ತಾರೀಕು ನೋಡಿದ್ದಾಯಿತು, "ಇನ್ನೂ ಹನ್ನೆರಡು ದಿನ ಇದೆ ಕಣೋ" ಎಂದು ಕ್ಯಾಂಟೀನಿನ ಕಡೆ ಹೊರಟದ್ದೂ ಆಯಿತು. ಪದವಿ ಕಾಲೇಜೊಂದರ ಪರೀಕ್ಷಾ ವಿಭಾಗದಲ್ಲಿ ಬಹಳ ವರ್ಷ ಕೂತವನು ನಾನು. ಆ ಹಾಳೆಯಲ್ಲಿ ತಾರೀಕಿನ ಪಕ್ಕ ಇನ್ನೂ ಮೂರು ಸಂಗತಿ ಇರುತ್ತವೆ: ವಾರ, ಅವಧಿ, ಹಾಜರಾಗಬೇಕಾದ ಸಮಯ. ಅವನ್ನು ಓದದೆ ಕೆಟ್ಟವರನ್ನು ಕಂಡಿದ್ದೇನೆ. ಸರಿಯಾಗಿ ಬರೆಯದೆ ಕೆಡಿಸಿದವರಲ್ಲಿ ನಮ್ಮ ವಿಭಾಗವೂ ಒಂದು.

ಒಂದು ವರ್ಷ ಒಬ್ಬ ಹುಡುಗಿ ಮಧ್ಯಾಹ್ನ ಒಂದೂಕಾಲಕ್ಕೆ ಬಂದಳು. ತಾರೀಕು ಸರಿ, ವಾರ ಸರಿ, ಕೈಯಲ್ಲಿ ಹಾಲ್ ಟಿಕೆಟ್, ಇನ್ನೊಂದು ಕೈಯಲ್ಲಿ ಕ್ಯಾಲ್ಕುಲೇಟರು. ಅವಳ ಪತ್ರಿಕೆ ಬೆಳಿಗ್ಗೆಯೇ ಮುಗಿದು, ಉತ್ತರ ಪತ್ರಿಕೆಗಳ ಕಟ್ಟಿಗೆ ಅರಗು ಬಿದ್ದಿತ್ತು. ಮೊದಲಿನ ವೇಳಾಪಟ್ಟಿಯಲ್ಲಿ ಆ ಪತ್ರಿಕೆ ಇದ್ದದ್ದು ಮಧ್ಯಾಹ್ನಕ್ಕೆ. ಮರುನಿಗದಿ ಮಾಡುವಾಗ ಅದು ಬೆಳಿಗ್ಗೆಗೆ ಬಂದಿತ್ತು. ನಾವು ಹಾಕಿದ ನೋಟಿಸಿನಲ್ಲಿ ಅದು ಇರಲಿಲ್ಲವೆಂದಲ್ಲ. ಕೊನೆಯ ಕಾಲಂನಲ್ಲಿ 'ಎಫ್.ಎನ್.' ಎಂಬ ಎರಡಕ್ಷರ ಇತ್ತು, ಪೂರ್ವಾಹ್ನ ಎಂಬುದರ ಇಂಗ್ಲಿಷ್ ಗಿಡ್ಡ ರೂಪ. ಅವಳ ಮೊಬೈಲಿನ ಫೋಟೊದಲ್ಲಿ ಆ ಕಾಲಂ ಅರ್ಧಕ್ಕೆ ಕತ್ತರಿಸಿಹೋಗಿತ್ತು. ಅವಳ ಹೆಸರಿನ ಮುಂದೆ ಗೈರುಹಾಜರಿ ಬಿದ್ದಾಗಿತ್ತು, ತಿದ್ದುವ ಅಧಿಕಾರ ಕಾಲೇಜಿಗಿರಲಿಲ್ಲ.

ಮುಂದೂಡಿದ ಪರೀಕ್ಷೆಯ ಹೊತ್ತು ಯಾಕೆ ಬದಲಾಗುತ್ತದೆ? ಇದನ್ನು ತಿಳಿದವರು ನೋಟಿಸನ್ನು ಬೇರೆ ರೀತಿ ಓದುತ್ತಾರೆ. ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ.

"ಭಾರೀ ಮಳೆಯ ಕಾರಣ ದಿನಾಂಕ 16-07-2025ರ ಬುಧವಾರ ಬೆಳಿಗ್ಗೆ ನಡೆಯಬೇಕಿದ್ದ ಬಿ.ಕಾಂ. ನಾಲ್ಕನೇ ಸೆಮಿಸ್ಟರ್ ವೆಚ್ಚ ಲೆಕ್ಕಶಾಸ್ತ್ರ ಪರೀಕ್ಷೆಯನ್ನು ಮುಂದೂಡಲಾಗಿದೆ. ಸದರಿ ಪರೀಕ್ಷೆಯು ದಿನಾಂಕ 28-07-2025ರ ಸೋಮವಾರ ಮಧ್ಯಾಹ್ನ 2.00ರಿಂದ 5.00 ಗಂಟೆಯವರೆಗೆ ನಡೆಯಲಿದೆ. ವಿದ್ಯಾರ್ಥಿಗಳು ಮಧ್ಯಾಹ್ನ 1.30ಕ್ಕೆ ಹಾಜರಿರತಕ್ಕದ್ದು. ಪರೀಕ್ಷಾ ಕೇಂದ್ರದಲ್ಲಿ ಬದಲಾವಣೆ ಇರುವುದಿಲ್ಲ. ಉಳಿದ ಪತ್ರಿಕೆಗಳು ಪೂರ್ವನಿಗದಿತ ವೇಳಾಪಟ್ಟಿಯಂತೆಯೇ ನಡೆಯಲಿವೆ."

ಬುಧವಾರ ತಪ್ಪಿದ್ದನ್ನು ಗುರುವಾರ ಮಾಡಬಾರದೆ? ಗುರುವಾರಕ್ಕೆ ಇನ್ನೊಂದು ಪತ್ರಿಕೆ ಇದೆ. ಅದನ್ನು ಶುಕ್ರವಾರಕ್ಕೆ ಸರಿಸಿದರೆ ಶುಕ್ರವಾರದ್ದನ್ನೂ ಸರಿಸಬೇಕು, ಹೀಗೆ ಇಡೀ ಸಾಲು ಕದಲುತ್ತದೆ. ಅದಕ್ಕೆ ತಪ್ಪಿದ ಪತ್ರಿಕೆಯೊಂದನ್ನೇ ಕಿತ್ತು ಸಾಲಿನ ಬಾಲಕ್ಕೆ ಕಟ್ಟುವುದು ರೂಢಿ. ಹಾಗಾಗಿ ನೋಟಿಸಿನ ಕೊನೆಯ ವಾಕ್ಯ ಮೊದಲನೆಯದರಷ್ಟೇ ಮುಖ್ಯ: ಗುರುವಾರದ ಪರೀಕ್ಷೆ ಗುರುವಾರವೇ ಇದೆ. 'ಎಲ್ಲಾ ಮುಂದೆ ಹೋಯ್ತಂತೆ' ಎಂಬ ಮಾತು ಬಸ್ಸಿನಲ್ಲಿ ಕೇಳಿ ಊರಿಗೆ ಹೋಗಿ ಕೂತವರು ಪ್ರತಿ ವರ್ಷ ಒಬ್ಬಿಬ್ಬರಾದರೂ ಸಿಗುತ್ತಾರೆ.

ಬಾಲಕ್ಕೆ ಕಟ್ಟುವಾಗ ಇನ್ನೊಂದು ತೊಡಕು. 28ರ ಬೆಳಿಗ್ಗೆ ಆರನೇ ಸೆಮಿಸ್ಟರಿನ ಒಂದು ಪತ್ರಿಕೆ ಇದೆ ಎಂದುಕೊಳ್ಳಿ. ಆರನೇ ಸೆಮಿಸ್ಟರಿನವರಲ್ಲಿ ನಾಲ್ಕನೆಯದರ ವೆಚ್ಚ ಲೆಕ್ಕಶಾಸ್ತ್ರ ಬಾಕಿ ಉಳಿಸಿಕೊಂಡವರು ಇದ್ದೇ ಇರುತ್ತಾರೆ. ಒಂದೇ ಹೊತ್ತಿಗೆ ಎರಡೂ ಪತ್ರಿಕೆ ಇಟ್ಟರೆ ಅವರು ಒಂದನ್ನು ಬಿಡಬೇಕಾಗುತ್ತದೆ. ಆದ್ದರಿಂದ ಮುಂದೂಡಿದ ಪತ್ರಿಕೆ ಮಧ್ಯಾಹ್ನಕ್ಕೆ ಹೋಯಿತು. ಬೆಳಗಿನ ಪರೀಕ್ಷೆ ಮಧ್ಯಾಹ್ನಕ್ಕೆ, ಮಧ್ಯಾಹ್ನದ್ದು ಬೆಳಿಗ್ಗೆಗೆ ಹಾರುವುದು ಬಹುತೇಕ ಈ ಬಾಕಿಯವರ ಲೆಕ್ಕದಿಂದ. ಅಷ್ಟು ಮಾಡಿಯೂ ಇಬ್ಬರು ಮೂವರಿಗೆ ಎರಡು ಪತ್ರಿಕೆ ಡಿಕ್ಕಿ ಹೊಡೆಯುವುದುಂಟು. ಅಂಥವರು ನೋಟಿಸ್ ಬಿದ್ದ ದಿನವೇ ಎರಡೂ ಹಾಲ್ ಟಿಕೆಟಿನ ನಕಲಿನೊಂದಿಗೆ ಪ್ರಾಂಶುಪಾಲರಿಗೆ ಅರ್ಜಿ ಕೊಡಬೇಕು. ಹಿಂದಿನ ದಿನ ಬಂದು ಅಳುತ್ತಾ ನಿಂತರೆ ಯಾರ ಕೈಯಲ್ಲೂ ಏನೂ ಉಳಿದಿರುವುದಿಲ್ಲ.

ಇನ್ನು ಮುಂದೂಡುವವರು ಯಾರು ಎಂಬ ಪ್ರಶ್ನೆ. ನೋಟಿಸ್ ಬೋರ್ಡಿನಲ್ಲಿ ಪ್ರಾಂಶುಪಾಲರ ಸಹಿ ಕಂಡರೂ ಸಂಯೋಜಿತ ಕಾಲೇಜಿನ ಮಟ್ಟಿಗೆ ತೀರ್ಮಾನ ವಿಶ್ವವಿದ್ಯಾಲಯದ ಕುಲಸಚಿವರದು, ಅಂದರೆ ಮೌಲ್ಯಮಾಪನ ವಿಭಾಗದ ಕುಲಸಚಿವರದು. ಸ್ವಾಯತ್ತ ಕಾಲೇಜಾದರೆ ಅಲ್ಲಿನ ಪರೀಕ್ಷಾ ನಿಯಂತ್ರಕರದು. ಸಂಯೋಜಿತ ಕಾಲೇಜಿನ ನೋಟಿಸಿನಲ್ಲಿ 'ಉಲ್ಲೇಖ' ಎಂಬ ಸಾಲಿದ್ದು ವಿಶ್ವವಿದ್ಯಾಲಯದ ಸುತ್ತೋಲೆಯ ಸಂಖ್ಯೆ, ದಿನಾಂಕ ಇರಬೇಕು. ಆ ಸಾಲು ಇಲ್ಲದ ಹಾಳೆಯನ್ನು ನಾನಂತೂ ನಂಬುವುದಿಲ್ಲ.

ಮಳೆಗಾಲದಲ್ಲಿ ಹೆಚ್ಚು ಗೊಂದಲ ಆಗುವುದು ಜಿಲ್ಲಾಧಿಕಾರಿಯ ರಜೆ ಆದೇಶದಿಂದ. ಕರಾವಳಿ, ಮಲೆನಾಡಿನಲ್ಲಿ ಬೆಳಿಗ್ಗೆ ಏಳುವ ಮೊದಲೇ ರಜೆಯ ಸುದ್ದಿ ಬಂದಿರುತ್ತದೆ. ಆದರೆ ಆದೇಶವನ್ನು ಕೊನೆತನಕ ಓದಬೇಕು. ಎಷ್ಟೋ ಸಲ ರಜೆ ಅಂಗನವಾಡಿಯಿಂದ ಪದವಿಪೂರ್ವ ಕಾಲೇಜಿನವರೆಗೆ ಮಾತ್ರ, ಪದವಿ ಕಾಲೇಜಿಗೆ ಇರುವುದಿಲ್ಲ. ಪದವಿಯವರಿಗೆ ರಜೆ ಇದ್ದಾಗಲೂ ವಿಶ್ವವಿದ್ಯಾಲಯಕ್ಕೆ ಬೇರೆಯದೇ ತಲೆನೋವು. ಮಂಗಳೂರು ವಿಶ್ವವಿದ್ಯಾಲಯದ ಕಾಲೇಜುಗಳು ದಕ್ಷಿಣ ಕನ್ನಡ, ಉಡುಪಿ ಎರಡರಲ್ಲೂ ಇವೆ, ಮೊದಲು ಕೊಡಗೂ ಅದಕ್ಕೇ ಸೇರಿತ್ತು. ಪ್ರಶ್ನೆಪತ್ರಿಕೆ ಎಲ್ಲೆಡೆ ಒಂದೇ. ಒಂದು ಜಿಲ್ಲೆಯಲ್ಲಿ ಮಾತ್ರ ರಜೆಯಾಗಿ ಇನ್ನೊಂದರಲ್ಲಿ ಪರೀಕ್ಷೆ ನಡೆದರೆ ಸಂಜೆ ಹೊತ್ತಿಗೆ ಆ ಪ್ರಶ್ನೆಗಳೆಲ್ಲ ಊರ ಸ್ವತ್ತು. ಹಾಗಾಗಿ ಇಡೀ ವ್ಯಾಪ್ತಿಗೆ ಮುಂದೂಡಬೇಕು, ಇಲ್ಲವೇ ರಜೆಯ ಜಿಲ್ಲೆಗೆ ಬೇರೆ ಪ್ರಶ್ನೆಪತ್ರಿಕೆ ಹೊಂದಿಸಬೇಕು. ಈ ಯೋಚನೆಯಲ್ಲೇ ತಡವಾಗುತ್ತದೆ, ಅಷ್ಟರಲ್ಲಿ ಹಳ್ಳಿಯ ಮೊದಲ ಬಸ್ಸು ಹೊರಟಿರುತ್ತದೆ.

ರಾತ್ರಿ ಬರುವ ಸುದ್ದಿಯದು ಇನ್ನೂ ಕಷ್ಟ. 2024ರ ಡಿಸೆಂಬರ್ 26ರ ರಾತ್ರಿ ಹತ್ತಕ್ಕೆ ಹತ್ತಿರವಾದಾಗ ಮಾಜಿ ಪ್ರಧಾನಿ ಮನಮೋಹನ ಸಿಂಗ್ ತೀರಿಕೊಂಡರು. ಮರುದಿನ ಶುಕ್ರವಾರ ರಾಜ್ಯದಲ್ಲಿ ಶಾಲಾ ಕಾಲೇಜುಗಳಿಗೆ ರಜೆ. ಇಂಥ ರಾತ್ರಿ ಬರುವ ಮೊದಲ ಸುತ್ತೋಲೆಯಲ್ಲಿ ಹೊಸ ದಿನಾಂಕ ಇರುವುದೇ ಅಪರೂಪ. 'ಮುಂದೂಡಲಾಗಿದೆ, ಹೊಸ ದಿನಾಂಕವನ್ನು ನಂತರ ತಿಳಿಸಲಾಗುವುದು' ಎಂದಷ್ಟೇ ಇರುತ್ತದೆ. ಹೊಸ ದಿನಾಂಕ ಎರಡನೇ ಸುತ್ತೋಲೆಯಲ್ಲಿ ಬರುತ್ತದೆ, ಅದಕ್ಕೆ ತಿದ್ದುಪಡಿಯಾಗಿ ಮೂರನೆಯದೂ ಬರಬಹುದು. ಮೂರರಲ್ಲಿ ಯಾವುದು ಚಾಲ್ತಿಯಲ್ಲಿದೆ ಎಂದು ತಿಳಿಯಲು ಪರೀಕ್ಷೆಯ ದಿನಾಂಕ ನೋಡಿ ಪ್ರಯೋಜನವಿಲ್ಲ, ಹಾಳೆಯ ಮೇಲ್ಗಡೆ ಇರುವ ಸುತ್ತೋಲೆಯ ದಿನಾಂಕ ನೋಡಬೇಕು.

ದಿನಾಂಕದ ಪಕ್ಕ ವಾರ ಯಾಕೆ ಬರೆಯುತ್ತಾರೆ? ಕ್ಯಾಲೆಂಡರ್ ಮನೆಯಲ್ಲೇ ಇದೆಯಲ್ಲ ಎನ್ನಬಹುದು. ವಾರ ಇರುವುದು ಟೈಪಿಸ್ಟನ ಕೈತಪ್ಪು ಹಿಡಿಯಲು. 28ರ ಬದಲು 27 ಎಂದು ಬಿದ್ದು ಪಕ್ಕದಲ್ಲಿ ಸೋಮವಾರ ಎಂದಿದ್ದರೆ ಓದಿದ ಕೂಡಲೇ ಅನುಮಾನ ಬರುತ್ತದೆ, ಯಾಕೆಂದರೆ 2025ರ ಜುಲೈ 27 ಭಾನುವಾರ. ಆಗ ತಾರೀಕು ತಪ್ಪೋ ವಾರ ತಪ್ಪೋ ಎಂದು ತಾವೇ ಊಹಿಸಬೇಡಿ, ಕಚೇರಿಗೆ ಹೋಗಿ ಕೇಳಿ. ಈ ಕಾವಲು ಸೋಲುವುದು ಒಂದೇ ಕಡೆ: ತಪ್ಪು ಸರಿಯಾಗಿ ಏಳು ದಿನದ್ದಾದಾಗ. 28ರ ಬದಲು 21 ಎಂದು ಬಿದ್ದರೂ ಅದು ಸೋಮವಾರವೇ.

ವಾಟ್ಸ್‌ಆಪಿನಲ್ಲಿ ತಿರುಗುವ ಹಳೆಯ ನೋಟಿಸನ್ನು ಹಿಡಿಯುವುದಕ್ಕೂ ವಾರವೇ ಸಾಧನ. ಯಾರೋ ತುಂಟ ಕಳೆದ ವರ್ಷದ ಹಾಳೆಯ ಇಸವಿ ಕತ್ತರಿಸಿ ಗುಂಪಿಗೆ ಬಿಡುತ್ತಾನೆ. 'ಜುಲೈ 22, ಸೋಮವಾರ' ಎಂದಿರುತ್ತದೆ. 2024ರಲ್ಲಿ ಜುಲೈ 22 ಸೋಮವಾರ, 2025ರಲ್ಲಿ ಅದೇ ತಾರೀಕು ಮಂಗಳವಾರ. ಸಾಮಾನ್ಯ ವರ್ಷದಲ್ಲಿ 52 ವಾರದ ಮೇಲೆ ಒಂದು ದಿನ ಮಿಗುವುದರಿಂದ ಅದೇ ತಾರೀಕು ಮುಂದಿನ ವರ್ಷ ಒಂದು ವಾರ ಮುಂದಕ್ಕೆ ಜರುಗುತ್ತದೆ, ನಡುವೆ ಫೆಬ್ರವರಿ 29 ಬಂದರೆ ಎರಡು. ಇಸವಿ ಕತ್ತರಿಸಿದವನಿಗೆ ವಾರ ಕತ್ತರಿಸಲು ನೆನಪಾಗಿರುವುದಿಲ್ಲ.

ಕೊನೆಯದಾಗಿ ಆ ಒಂದೂವರೆ ಗಂಟೆ. ಎರಡಕ್ಕೆ ಪರೀಕ್ಷೆ ಎಂದ ಮೇಲೆ ಅರ್ಧ ಗಂಟೆ ಮೊದಲು ಯಾಕೆ? ಹಾಲ್ ಟಿಕೆಟಿನಲ್ಲಿ ಹಳೆಯ ದಿನಾಂಕವೇ ಇರುತ್ತದೆ. ಸಾಮಾನ್ಯವಾಗಿ ಅದನ್ನು ಹೊಸದಾಗಿ ಕೊಡುವುದಿಲ್ಲ, ಅದೇ ನಡೆಯುತ್ತದೆ. ಆದರೆ ಕೂರುವ ಕೊಠಡಿ ಹಿಂದಿನದೇ ಆಗಿರಬೇಕೆಂದಿಲ್ಲ. ಹೊಸ ದಿನ ಬೇರೆ ಬೇರೆ ತರಗತಿಯವರು ಸೇರುವುದರಿಂದ ಆಸನ ಪಟ್ಟಿಯನ್ನು ಹೊಸದಾಗಿ ಬರೆದು ಬಾಗಿಲ ಬಳಿ ಅಂಟಿಸಿರುತ್ತಾರೆ. ಅಲ್ಲಿ ನೋಂದಣಿ ಸಂಖ್ಯೆ ಹುಡುಕಬೇಕು, ಚೀಲ ಮೊಬೈಲು ಹೊರಗಿಡಬೇಕು, ಗುರುತಿನ ಚೀಟಿ ತೋರಿಸಬೇಕು. ಗಂಟೆ ಹೊಡೆಯುವ ಕೆಲವು ನಿಮಿಷ ಮೊದಲೇ ಉತ್ತರ ಪುಸ್ತಿಕೆ ಕೈಗೆ ಬರುತ್ತದೆ, ನೋಂದಣಿ ಸಂಖ್ಯೆಯನ್ನು ತಪ್ಪಿಲ್ಲದೆ ತುಂಬಲು ಆ ನಿಮಿಷಗಳು ಬೇಕು.

ತಡವಾಗಿ ಬಂದವರನ್ನು ಪರೀಕ್ಷೆ ಶುರುವಾದ ಅರ್ಧ ಗಂಟೆಯವರೆಗೆ ಒಳಗೆ ಬಿಡುವುದು ಬಹಳ ಕಡೆ ಇರುವ ಪದ್ಧತಿ. ಒಳಗಿದ್ದವರು ಆ ಅರ್ಧ ಗಂಟೆ ಮುಗಿಯುವವರೆಗೆ ಹೊರಗೆ ಹೋಗುವಂತಿಲ್ಲ. ಇವೆರಡೂ ಒಂದೇ ನಿಯಮದ ಎರಡು ತುದಿ. ಒಬ್ಬ ಪ್ರಶ್ನೆಪತ್ರಿಕೆ ನೋಡಿ ಹೊರಗೆ ಹೋದ ಮೇಲೆ ಇನ್ನೊಬ್ಬ ಒಳಗೆ ಬಂದರೆ ಗೇಟಿನ ಹತ್ತಿರ ಇಬ್ಬರೂ ಮಾತಾಡಿಕೊಂಡಿರಬಹುದು. ಬಸ್ಸು ಕೆಟ್ಟಿತು ಎಂದು ಎರಡೂ ಮುಕ್ಕಾಲಿಗೆ ಓಡಿಬರುವವನನ್ನು ತಡೆಯುವ ಮೇಲ್ವಿಚಾರಕರಿಗೆ ಅವನ ಮೇಲೆ ಹಗೆ ಏನೂ ಇಲ್ಲ, ಎರಡೂವರೆಯ ನಂತರ ಬಾಗಿಲು ಹೊರಹೋಗುವವರದು.

ಆ ಹುಡುಗಿಯ ನಂತರ ನಮ್ಮ ವಿಭಾಗದಲ್ಲಿ ಎಫ್.ಎನ್., ಎ.ಎನ್. ಬರೆಯುವುದನ್ನು ಬಿಟ್ಟೆವು. 'ಮೊದಲು: ಮಧ್ಯಾಹ್ನ. ಈಗ: ಬೆಳಿಗ್ಗೆ' ಎಂದು ದಪ್ಪಕ್ಷರದಲ್ಲಿ, ಹಾಳೆಯ ನಡುಮಧ್ಯೆ, ಫೋಟೊದಲ್ಲಿ ಕತ್ತರಿಸಿಹೋಗದ ಜಾಗದಲ್ಲಿ ಹಾಕತೊಡಗಿದೆವು. ಮರುವರ್ಷ ಅವಳು ಅದೇ ಪತ್ರಿಕೆ ಬರೆಯಲು ಬಂದಳು. ಪರೀಕ್ಷೆ ಒಂಬತ್ತೂವರೆಗೆ. ಏಳೂವರೆಗೆ ತಾನು ಗೇಟಿನ ಬೀಗ ತೆಗೆಯಲು ಬಂದಾಗ ಅವಳು ಆಗಲೇ ಕಟ್ಟೆಯ ಮೇಲೆ ಕೂತು ಪುಸ್ತಕ ತೆರೆದಿದ್ದಳೆಂದು ವಾಚ್‌ಮನ್ ಹೇಳಿದ.