ವಜ್ರದಿಂದ ತವರದವರೆಗೆ

ಆವರ್ತ ಕೋಷ್ಟಕದ 14ನೇ ಗುಂಪನ್ನು ಮೇಲಿನಿಂದ ಕೆಳಕ್ಕೆ ಓದುತ್ತಾ ಹೋದರೆ ಇಂಗಾಲ, ಸಿಲಿಕಾನ್, ಜರ್ಮೇನಿಯಂ, ತವರ ಎಂದು ಸಿಗುತ್ತವೆ. ನಾಲ್ಕರ ಪರಮಾಣುಗಳಲ್ಲೂ ಹೊರಗಿನ ಎಲೆಕ್ಟ್ರಾನುಗಳು ನಾಲ್ಕೇ. ವಜ್ರರೂಪದ ಇಂಗಾಲ, ಸಿಲಿಕಾನ್, ಜರ್ಮೇನಿಯಂ, ಜೊತೆಗೆ 13 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಿನಲ್ಲಿ ಬೂದುಬಣ್ಣಕ್ಕೆ ತಿರುಗುವ ತವರ, ಇವುಗಳ ಹರಳಿನ ಜೋಡಣೆಯೂ ಒಂದೇ: ಪ್ರತಿ ಪರಮಾಣುವಿನ ಸುತ್ತ ನಾಲ್ಕು ದಿಕ್ಕಿಗೆ ನಾಲ್ಕು ನೆರೆಯ ಪರಮಾಣುಗಳು. ಎಲೆಕ್ಟ್ರಾನುಗಳ ಲೆಕ್ಕ ಒಂದೇ, ಜೋಡಣೆಯೂ ಒಂದೇ. ಆದರೂ ವಜ್ರ ಪಕ್ಕಾ ಅವಾಹಕ, ಸಿಲಿಕಾನ್ ಮತ್ತು ಜರ್ಮೇನಿಯಂ ಅರೆವಾಹಕಗಳು, ಬೂದು ತವರವೋ ಲೋಹದ ಹೊಸ್ತಿಲಲ್ಲಿ ನಿಂತಿದೆ.

ಇದಕ್ಕಿಂತ ವಿಚಿತ್ರವಾದದ್ದು ಇನ್ನೊಂದಿದೆ. ಎಲೆಕ್ಟ್ರಾನ್ ಒಂದು ಪರಮಾಣುವಿನಿಂದ ಪಕ್ಕದ್ದಕ್ಕೆ ದಾಟಬೇಕಾದರೆ ಅವೆರಡರ ಎಲೆಕ್ಟ್ರಾನ್ ಮೋಡಗಳು, ಅಂದರೆ ಆರ್ಬಿಟಲ್‌ಗಳು, ಒಂದರ ಮೇಲೊಂದು ಹಾಯ್ದಿರಬೇಕು. ಹೆಚ್ಚು ಹಾಯ್ದಷ್ಟೂ ದಾಟುವುದು ಸುಲಭ. ಈ ನಾಲ್ಕರಲ್ಲಿ ಪರಮಾಣುಗಳು ಅತಿ ಹತ್ತಿರ ಇರುವುದು, ಮೋಡಗಳು ಅತಿ ಹೆಚ್ಚು ಹಾಯ್ದಿರುವುದು ವಜ್ರದಲ್ಲಿ. ಹಾಗಿದ್ದರೆ ವಜ್ರವೇ ಎಲ್ಲಕ್ಕಿಂತ ಒಳ್ಳೆಯ ವಾಹಕವಾಗಬೇಕಿತ್ತಲ್ಲ?

ಈ ಪ್ರಶ್ನೆಗೆ ಉತ್ತರ ಬೇಕಾದರೆ ಎರಡೇ ಪರಮಾಣುಗಳಿಂದ ಶುರುಮಾಡಬೇಕು. ಒಂಟಿ ಪರಮಾಣುವಿನಲ್ಲಿ ಎಲೆಕ್ಟ್ರಾನಿಗೆ ಒಂದು ನಿಶ್ಚಿತ ಶಕ್ತಿಮಟ್ಟ ಇದೆ ಎಂದುಕೊಳ್ಳಿ. ಅಂಥದ್ದೇ ಇನ್ನೊಂದು ಪರಮಾಣುವನ್ನು ಹತ್ತಿರ ತಂದಾಗ ಎಲೆಕ್ಟ್ರಾನ್ ಇಬ್ಬರಿಗೂ ಸೇರಿದ್ದಾಗುತ್ತದೆ, ಒಂದೇ ಆಗಿದ್ದ ಮಟ್ಟ ಎರಡಾಗಿ ಸೀಳುತ್ತದೆ. ಒಂದೇ ಉದ್ದದ ಎರಡು ಲೋಲಕಗಳನ್ನು ಮೆತ್ತನೆಯ ಸ್ಪ್ರಿಂಗಿನಿಂದ ಜೋಡಿಸಿದರೆ ಹೀಗೇ ಆಗುತ್ತದೆ: ಎರಡೂ ಒಟ್ಟಿಗೆ ತೂಗುವಾಗ ಒಂದು ಲಯ, ಎದುರುಬದುರಾಗಿ ತೂಗುವಾಗ ಅದಕ್ಕಿಂತ ಚುರುಕಾದ ಇನ್ನೊಂದು ಲಯ. ಪರಮಾಣುಗಳಲ್ಲೂ ಎರಡು ಅಲೆಗಳು ಕೂಡಿಕೊಂಡ ಮಟ್ಟ ಕೆಳಗಿಳಿಯುತ್ತದೆ, ಅದು ಬಂಧದ ಮಟ್ಟ. ಅಲೆಗಳು ಎದುರಾದ ಮಟ್ಟ ಮೇಲೇರುತ್ತದೆ, ಅದು ಪ್ರತಿಬಂಧದ ಮಟ್ಟ. ಎಷ್ಟು ಏರಿತು, ಎಷ್ಟು ಇಳಿಯಿತು ಎನ್ನುವುದು ಮೋಡಗಳು ಎಷ್ಟು ಹಾಯ್ದಿವೆ ಎನ್ನುವುದರ ಮೇಲೆ ನಿಂತಿದೆ. ಈ ಅಳತೆಗೆ β ಎಂದು ಹೆಸರಿಡೋಣ. ಆಗ ಎರಡು ಮಟ್ಟಗಳ ನಡುವಿನ ಅಂತರ 2β.

ಈಗ ಪರಮಾಣುಗಳನ್ನು ಸರಪಳಿಯಂತೆ ಸಾಲಾಗಿ ನಿಲ್ಲಿಸೋಣ. ಪ್ರತಿಯೊಂದೂ ಪಕ್ಕದ್ದರ ಜೊತೆ ಮಾತ್ರ ಕೈಜೋಡಿಸಲಿ. ಮೂರು ಪರಮಾಣುಗಳಿದ್ದರೆ ಮೂರು ಮಟ್ಟಗಳು, ಮೇಲಿನದಕ್ಕೂ ಕೆಳಗಿನದಕ್ಕೂ 2.83β ಅಂತರ. ನಾಲ್ಕಿದ್ದರೆ ನಾಲ್ಕು ಮಟ್ಟಗಳು, ಅಂತರ 3.24β. ಹತ್ತಿದ್ದರೆ 3.84β. ಸಾಲು ಎಷ್ಟೇ ಉದ್ದವಾದರೂ ಈ ಹರವು 4β ದಾಟುವುದಿಲ್ಲ. ಮಟ್ಟಗಳ ಸಂಖ್ಯೆ ಮಾತ್ರ ಪರಮಾಣುಗಳಷ್ಟೇ ಬೆಳೆಯುತ್ತಾ ಹೋಗುತ್ತದೆ, ಎಲ್ಲವೂ ಆ ಮಿತಿಯೊಳಗೇ ಒತ್ತೊತ್ತಾಗಿ ತುಂಬುತ್ತವೆ. ಒಂದು ಮಿಲಿಗ್ರಾಂ ಸೋಡಿಯಂನಲ್ಲಿ ಪರಮಾಣುಗಳು 2 ಕೋಟಿ ಕೋಟಿಗಿಂತಲೂ ಎಷ್ಟೋ ಪಟ್ಟು ಹೆಚ್ಚು. ಅಷ್ಟು ಮಟ್ಟಗಳು ಕೆಲವೇ ಎಲೆಕ್ಟ್ರಾನ್ ವೋಲ್ಟ್ ಹರವಿನಲ್ಲಿ ಕೂತರೆ ಅವುಗಳ ನಡುವಿನ ಬಿರುಕು ಯಾವ ಉಪಕರಣಕ್ಕೂ ಕಾಣದಷ್ಟು ಕಿರಿದು. ಹೀಗೆ ಬಿಡಿ ಗೆರೆಗಳಾಗಿದ್ದ ಮಟ್ಟಗಳು ಒಂದು ಅಖಂಡ ಪಟ್ಟಿಯಾಗುತ್ತವೆ. ಇದೇ ಶಕ್ತಿಪಟ್ಟಿ, ಬ್ಯಾಂಡ್.

1928ರಲ್ಲಿ ಲೈಪ್‌ಜಿಗ್‌ನಲ್ಲಿ ಹೈಸನ್‌ಬರ್ಗ್ ಅವರ ವಿದ್ಯಾರ್ಥಿಯಾಗಿದ್ದ ಫೆಲಿಕ್ಸ್ ಬ್ಲಾಖ್ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ಹರಳಿನೊಳಗಿನ ಎಲೆಕ್ಟ್ರಾನಿನ ಲೆಕ್ಕವನ್ನು ಹೀಗೇ ಹಾಕಿದರು. ಪರಮಾಣುಗಳನ್ನು ಲಯಬದ್ಧವಾಗಿ ಜೋಡಿಸಿದ್ದರೆ ಎಲೆಕ್ಟ್ರಾನ್ ಎಲ್ಲಿಯೂ ಸಿಕ್ಕಿಹಾಕಿಕೊಳ್ಳದೆ ಅಲೆಯಾಗಿ ಹರಳಿನುದ್ದಕ್ಕೂ ಸಾಗಬಲ್ಲದು ಎಂಬುದು ಅವರ ದೊಡ್ಡ ಶೋಧ. ಆದರೆ ಅದರಿಂದ ಹೊಸ ತೊಡಕು ಹುಟ್ಟಿತು. ಎಲ್ಲ ಹರಳುಗಳಲ್ಲೂ ಎಲೆಕ್ಟ್ರಾನ್ ಸಾಗಬಲ್ಲದಾದರೆ ಎಲ್ಲವೂ ಲೋಹಗಳೇ ಆಗಬೇಕಿತ್ತು. ಪರಮಾಣುಗಳ ಹಿಡಿತ ಬಿಗಿಯಾಗಿದ್ದರೆ ಅವಾಹಕ, ಸಡಿಲವಾಗಿದ್ದರೆ ವಾಹಕ, ವ್ಯತ್ಯಾಸ ಪ್ರಮಾಣದ್ದಷ್ಟೇ ಎಂಬುದು ಆಗಿನ ತಿಳಿವಳಿಕೆ. 1931ರಲ್ಲಿ ಅದೇ ಲೈಪ್‌ಜಿಗ್‌ಗೆ ಬಂದಿದ್ದ ಇಂಗ್ಲೆಂಡಿನ ಆಲನ್ ವಿಲ್ಸನ್ ಇದನ್ನು ತಿದ್ದಿದರು. ನೋಡಬೇಕಾದದ್ದು ಹಿಡಿತವನ್ನಲ್ಲ, ಪಟ್ಟಿ ತುಂಬಿದೆಯೇ ಇಲ್ಲವೇ ಎಂಬುದನ್ನು ಎಂದರು.

ವಿಲ್ಸನ್ ಹೇಳಿದ್ದನ್ನು ಬಿಡಿಸಿ ನೋಡೋಣ. ಪಟ್ಟಿಯ ಪ್ರತಿ ಮಟ್ಟದಲ್ಲೂ ಎರಡೇ ಎಲೆಕ್ಟ್ರಾನುಗಳಿಗೆ ಜಾಗ, ಅದು ಪೌಲಿಯ ನಿಯಮ. ಆ ಮಟ್ಟಗಳಲ್ಲಿ ಎಲೆಕ್ಟ್ರಾನ್ ಸುಮ್ಮನೆ ಕೂತಿಲ್ಲ, ಚಲಿಸುತ್ತಲೇ ಇದೆ. ಬಲಕ್ಕೆ ಸಾಗುವ ಪ್ರತಿ ಮಟ್ಟಕ್ಕೂ ಸರಿಸಮನಾಗಿ ಎಡಕ್ಕೆ ಸಾಗುವ ಮಟ್ಟವೊಂದಿದೆ. ಪಟ್ಟಿ ಪೂರ್ತಿ ತುಂಬಿದ್ದರೆ ಬಲಕ್ಕೆ ಹೋದಷ್ಟೇ ಎಡಕ್ಕೂ ಹೋಗುತ್ತಿರುತ್ತವೆ, ಒಟ್ಟು ಹರಿವು ಸೊನ್ನೆ. ಬ್ಯಾಟರಿ ಜೋಡಿಸಿದರೂ ಈ ಸಮತೂಕ ಕದಲುವುದಿಲ್ಲ, ಏಕೆಂದರೆ ಯಾವ ಎಲೆಕ್ಟ್ರಾನಿಗೂ ಸರಿದುಕೊಳ್ಳಲು ಖಾಲಿ ಮಟ್ಟವೇ ಇಲ್ಲ. ಪಟ್ಟಿ ಅರ್ಧ ತುಂಬಿದ್ದರೆ ಹಾಗಲ್ಲ. ತುಂಬಿದ ಭಾಗದ ಮೇಲಂಚಿಗೆ ತಾಗಿಕೊಂಡೇ ಖಾಲಿ ಮಟ್ಟಗಳಿವೆ, ಅತಿ ಸಣ್ಣ ವೋಲ್ಟೇಜ್ ಕೊಟ್ಟರೂ ಸಮತೂಕ ತಪ್ಪಿ ವಿದ್ಯುತ್ ಹರಿಯುತ್ತದೆ. ಸೋಡಿಯಂ ಲೋಹವಾಗಿರುವುದು ಹೀಗೆ: ಪರಮಾಣುವಿಗೆ ಒಂದೇ ಹೊರ ಎಲೆಕ್ಟ್ರಾನ್, ಆದ್ದರಿಂದ ಪಟ್ಟಿಯಲ್ಲಿ ಸರಿಯಾಗಿ ಅರ್ಧ ಜಾಗ ಖಾಲಿ. ಎರಡು ಎಲೆಕ್ಟ್ರಾನುಗಳ ಮೆಗ್ನೀಷಿಯಂ ಈ ಲೆಕ್ಕದಲ್ಲಿ ಅವಾಹಕವಾಗಬೇಕಿತ್ತು. ಆದರೆ ಅದರ ತುಂಬಬೇಕಾದ ಪಟ್ಟಿಯೂ ಮೇಲಿನ ಖಾಲಿ ಪಟ್ಟಿಯೂ ಅಗಲವಾಗಿ ಹರಡಿ ಒಂದರೊಳಗೊಂದು ಸೇರಿಕೊಂಡಿವೆ. ಹಾಗಾಗಿ ಎರಡೂ ಅರೆಬರೆ ತುಂಬಿವೆ, ಮೆಗ್ನೀಷಿಯಂ ಕೂಡ ಲೋಹವೇ.

ಈಗ ವಜ್ರಕ್ಕೆ ಮರಳೋಣ. ಇಲ್ಲಿ ಪ್ರತಿ ಇಂಗಾಲ ಪರಮಾಣು ತನ್ನ ನಾಲ್ಕು ಆರ್ಬಿಟಲ್‌ಗಳನ್ನು ಬೆರೆಸಿ ನಾಲ್ಕು ದಿಕ್ಕಿಗೆ ಚಾಚಿದ ನಾಲ್ಕು ತೋಳುಗಳನ್ನು ಮಾಡಿಕೊಳ್ಳುತ್ತದೆ. ಒಂದು ಪರಮಾಣುವಿನ ತೋಳು ನೆರೆಯದರ ತೋಳಿಗೆ ನೇರ ಎದುರಾಗುತ್ತದೆ. ಆಗ ಎರಡು ಪರಮಾಣುಗಳ ಲೆಕ್ಕವೇ ಪ್ರತಿ ಜೋಡಿಯಲ್ಲೂ ನಡೆಯುತ್ತದೆ: ಕೆಳಗೊಂದು ಬಂಧದ ಮಟ್ಟ, ಮೇಲೊಂದು ಪ್ರತಿಬಂಧದ ಮಟ್ಟ. ತೋಳುಗಳು ಎಷ್ಟೋ ಎಲೆಕ್ಟ್ರಾನುಗಳೂ ಅಷ್ಟೇ ಇರುವುದರಿಂದ ಬಂಧದ ಮಟ್ಟಗಳೆಲ್ಲ ತುಂಬುತ್ತವೆ, ಪ್ರತಿಬಂಧದವು ಒಂದೂ ತುಂಬುವುದಿಲ್ಲ. ಎಲೆಕ್ಟ್ರಾನುಗಳು ಒಂದು ಬಂಧದಿಂದ ಪಕ್ಕದ ಬಂಧಕ್ಕೂ ದಾಟುವುದರಿಂದ ಈ ಎರಡು ಮಟ್ಟಗಳೂ ಹರಡಿ ಪಟ್ಟಿಗಳಾಗುತ್ತವೆ. ಕೆಳಪಟ್ಟಿಯ ಮೇಲಂಚಿಗೂ ಮೇಲ್ಪಟ್ಟಿಯ ಕೆಳಂಚಿಗೂ ನಡುವೆ ಉಳಿದ ಖಾಲಿ ಜಾಗವೇ ಅಂತರ, ಬ್ಯಾಂಡ್ ಗ್ಯಾಪ್.

ಎರಡು ಶಕ್ತಿಗಳು ಇಲ್ಲಿ ಜಗ್ಗಾಡುತ್ತಿವೆ. ಎದುರುಬದುರು ತೋಳುಗಳ ಕೂಡುವಿಕೆ ಪಟ್ಟಿಗಳನ್ನು ದೂರ ತಳ್ಳುತ್ತದೆ. ಪಟ್ಟಿಗಳ ಹರಡುವಿಕೆ ಅವನ್ನು ಹತ್ತಿರ ತರುತ್ತದೆ. ಹರಡುವಿಕೆ ಬಹುಪಾಲು ಒಂದೇ ಪರಮಾಣುವಿನ ತೋಳುಗಳ ನಡುವಿನ ಸಂಬಂಧದಿಂದ ಬರುವಂಥದ್ದು. ಬಂಧದ ಉದ್ದ ಅದನ್ನು ಹೆಚ್ಚು ಬದಲಿಸುವುದಿಲ್ಲ, ಇಂಗಾಲದಿಂದ ತವರದವರೆಗೆ ಅದು ಸುಮಾರಾಗಿ ಒಂದೇ ಮಟ್ಟದಲ್ಲಿರುತ್ತದೆ. ತಳ್ಳುವಿಕೆಯಾದರೋ ಬಂಧದ ಉದ್ದದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. ವಜ್ರದಲ್ಲಿ ಬಂಧದ ಉದ್ದ 1.54 ಆಂಗ್‌ಸ್ಟ್ರಾಂ, ಅಂದರೆ ಸೆಂಟಿಮೀಟರಿನ ಹತ್ತು ಕೋಟಿಯ ಒಂದೂವರೆ ಪಾಲು. ಸಿಲಿಕಾನ್‌ನಲ್ಲಿ 2.35, ಜರ್ಮೇನಿಯಂನಲ್ಲಿ 2.45, ಬೂದು ತವರದಲ್ಲಿ 2.81. ವಜ್ರದಿಂದ ಸಿಲಿಕಾನ್‌ಗೆ ಬರುವಷ್ಟರಲ್ಲೇ ತಳ್ಳುವ ಶಕ್ತಿ ಅರ್ಧಕ್ಕಿಂತ ಕಡಿಮೆಯಾಗುತ್ತದೆ, ತವರದಲ್ಲಿ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಪರಿಣಾಮ ಅಳತೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ: ಅಂತರ ವಜ್ರದಲ್ಲಿ 5.5 ಎಲೆಕ್ಟ್ರಾನ್ ವೋಲ್ಟ್, ಸಿಲಿಕಾನ್‌ನಲ್ಲಿ 1.1, ಜರ್ಮೇನಿಯಂನಲ್ಲಿ ಸುಮಾರು 0.7, ಬೂದು ತವರದಲ್ಲಿ ಸೊನ್ನೆ. ಮೋಡಗಳು ಹೆಚ್ಚು ಹಾಯ್ದಿರುವುದೇ ವಜ್ರವನ್ನು ಅವಾಹಕ ಮಾಡಿದೆ. ಸೋಡಿಯಂನಲ್ಲಿ ಹಾಯುವಿಕೆ ಪಟ್ಟಿಯನ್ನು ಅಗಲಿಸಿ ದಾರಿ ಮಾಡಿಕೊಟ್ಟಿತು, ವಜ್ರದಲ್ಲಿ ಅದೇ ಹಾಯುವಿಕೆ ತುಂಬಿದ ಪಟ್ಟಿಯನ್ನು ಖಾಲಿ ಪಟ್ಟಿಯಿಂದ ಸೀಳಿ ಬೇರೆ ಮಾಡಿತು. ಈ ವಿಷಯದಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವ ಜಾಗ ಇದೇ.

5.5ಕ್ಕೂ 1.1ಕ್ಕೂ ಇರುವುದು ಐದೇ ಪಟ್ಟು ವ್ಯತ್ಯಾಸ. ಆದರೆ ಅದು ದುಡಿಯುವ ರೀತಿ ಭಯಂಕರ. ಕೋಣೆಯ ಶಾಖದಲ್ಲಿ ಎಲೆಕ್ಟ್ರಾನಿಗೆ ಸಿಗುವ ಸರಾಸರಿ ಉಷ್ಣಶಕ್ತಿ ಒಂದು ಎಲೆಕ್ಟ್ರಾನ್ ವೋಲ್ಟಿನ ನಲವತ್ತರಲ್ಲೊಂದು ಭಾಗದಷ್ಟು. ಅಂತರ ದಾಟುವ ಸಾಧ್ಯತೆ ಘಾತೀಯವಾಗಿ ಕುಸಿಯುತ್ತದೆ. ಶುದ್ಧ ಸಿಲಿಕಾನ್‌ನ ಒಂದು ಘನ ಸೆಂಟಿಮೀಟರಿನಲ್ಲಿ ಸುಮಾರು ಸಾವಿರ ಕೋಟಿ ಎಲೆಕ್ಟ್ರಾನುಗಳು ಅಂತರ ದಾಟಿ ಮೇಲ್ಪಟ್ಟಿಯಲ್ಲಿ ಓಡಾಡುತ್ತಿರುತ್ತವೆ. ಇದೇ ಲೆಕ್ಕವನ್ನು ಶುದ್ಧ ವಜ್ರಕ್ಕೆ ಹಾಕಿದರೆ ಭೂಮಿಯಷ್ಟು ದೊಡ್ಡ ವಜ್ರದಲ್ಲಿ ಹೆಚ್ಚುಕಡಿಮೆ ಒಂದೇ ಒಂದು ಎಲೆಕ್ಟ್ರಾನ್ ದಾಟಿರುತ್ತದೆ. ಅವಾಹಕ, ಅರೆವಾಹಕ ಎಂದು ನಾವು ಬೇರೆ ಬೇರೆ ಹೆಸರಿಟ್ಟರೂ ಎರಡೂ ಒಂದೇ ಜಾತಿಯವು, ಅಂತರದ ಅಗಲ ಮಾತ್ರ ಬೇರೆ. ಲೋಹ ಮಾತ್ರ ನಿಜವಾಗಿ ಬೇರೆ ಜಾತಿ.

ಇದನ್ನು ಪರೀಕ್ಷಿಸುವುದೂ ಕಷ್ಟವಲ್ಲ. ಬಿಸಿಮಾಡಿ ನೋಡಿದರೆ ಸಾಕು. ತಾಮ್ರದ ತಂತಿಯಲ್ಲಿ ಓಡುವ ಎಲೆಕ್ಟ್ರಾನುಗಳ ಸಂಖ್ಯೆ ಶಾಖದಿಂದ ಬದಲಾಗುವುದಿಲ್ಲ, ಪರಮಾಣುಗಳ ಅದುರಾಟ ಮಾತ್ರ ಹೆಚ್ಚುತ್ತದೆ, ಹಾಗಾಗಿ ರೋಧ ಏರುತ್ತದೆ. ಶುದ್ಧ ಸಿಲಿಕಾನ್‌ನಲ್ಲಿ ಸುಮಾರು ಹತ್ತು ಡಿಗ್ರಿ ಶಾಖ ಏರಿದರೆ ದಾಟಿದ ಎಲೆಕ್ಟ್ರಾನುಗಳು ಇಮ್ಮಡಿಯಾಗುತ್ತವೆ, ರೋಧ ಇಳಿಯುತ್ತದೆ. ಮೈಕಲ್ ಫ್ಯಾರಡೆ 1833ರಲ್ಲೇ ಬೆಳ್ಳಿಯ ಸಲ್ಫೈಡಿನಲ್ಲಿ ಈ ತಲೆಕೆಳಗಾದ ವರ್ತನೆ ಕಂಡಿದ್ದರು, ಕಾರಣ ಹೇಳಲು ಆಗ ಯಾರಿಗೂ ಸಾಧ್ಯವಿರಲಿಲ್ಲ. ಆದರೆ ‘ಶುದ್ಧ’ ಎಂಬ ಮಾತಿಗೆ ಇಲ್ಲಿ ಬಹಳ ತೂಕವಿದೆ. ಸಿಲಿಕಾನ್‌ನ ಲಕ್ಷ ಕೋಟಿ ಪರಮಾಣುಗಳಿಗೆ ಒಂದೇ ಒಂದು ರಂಜಕದ ಪರಮಾಣು ಬೆರೆತರೂ ಅದರ ಐದನೇ ಎಲೆಕ್ಟ್ರಾನ್ ಮೇಲ್ಪಟ್ಟಿಗೆ ಸೇರಿಕೊಳ್ಳುತ್ತದೆ, ಆ ಬೆರಕೆಯೊಂದರಿಂದಲೇ ಬರುವ ಎಲೆಕ್ಟ್ರಾನುಗಳು ತಾವಾಗಿ ದಾಟಿದವುಗಳ ಐದು ಪಟ್ಟಾಗುತ್ತವೆ. ಚಿಪ್ ತಯಾರಿಸುವವರು ಬೇಕೆಂದೇ ಬೆರಕೆ ಮಾಡುವುದು, ಬೇಡದ ಬೆರಕೆಗೆ ಅಷ್ಟು ಹೆದರುವುದು ಎರಡೂ ಇದರಿಂದಲೇ.

ಈ ಇಡೀ ಲೆಕ್ಕದಲ್ಲಿ ಒಂದು ವಿಷಯವನ್ನು ಬದಿಗಿಟ್ಟಿದ್ದೇವೆ. ಎಲೆಕ್ಟ್ರಾನುಗಳು ಒಂದನ್ನೊಂದು ದೂರ ತಳ್ಳುತ್ತವೆ. ಪಟ್ಟಿ ಅಗಲವಾಗಿರುವಾಗ ಇದನ್ನು ಮರೆತರೂ ಲೆಕ್ಕ ಸರಿಹೋಗುತ್ತದೆ. ಆರ್ಬಿಟಲ್‌ಗಳು ಬಹಳ ಕಡಿಮೆ ಹಾಯ್ದು ಪಟ್ಟಿ ಕಿರಿದಾಗಿರುವಲ್ಲಿ ಲೆಕ್ಕ ತಪ್ಪುತ್ತದೆ. ನಿಕಲ್ ಆಕ್ಸೈಡಿನಲ್ಲಿ ಪಟ್ಟಿ ಪೂರ್ತಿ ತುಂಬಿಲ್ಲ, ವಿಲ್ಸನ್ ಲೆಕ್ಕದಲ್ಲಿ ಅದು ಲೋಹ. ವಾಸ್ತವದಲ್ಲಿ ಅದು ಹಸಿರು ಬಣ್ಣದ, ಗಟ್ಟಿ ಅವಾಹಕ. ಡಿ ಬೂರ್ ಮತ್ತು ವರ್‌ವೇ 1937ರಲ್ಲಿ ಈ ತಕರಾರನ್ನು ಎತ್ತಿದರು. ಉತ್ತರವನ್ನು ನೆವಿಲ್ ಮಾಟ್ ಮುಂದೆ ಬೆಳೆಸಿದರು: ಎಲೆಕ್ಟ್ರಾನ್ ಪಕ್ಕದ ಪರಮಾಣುವಿಗೆ ಹೋದರೆ ಅಲ್ಲಿ ಆಗಲೇ ಇರುವ ಎಲೆಕ್ಟ್ರಾನುಗಳು ಅದನ್ನು ತಳ್ಳುತ್ತವೆ, ಆ ತಳ್ಳಾಟದ ಬೆಲೆ ಪಟ್ಟಿಯ ಅಗಲಕ್ಕಿಂತ ಹೆಚ್ಚಾದರೆ ಪ್ರತಿ ಎಲೆಕ್ಟ್ರಾನೂ ತನ್ನ ಪರಮಾಣುವಿನಲ್ಲೇ ಉಳಿಯುತ್ತದೆ. ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ಅವರು ದಶಕಗಳ ಕಾಲ ಅಧ್ಯಯನ ಮಾಡಿದ್ದು ಇಂಥ ಗಡಿಯಲ್ಲಿರುವ ಲೋಹ ಆಕ್ಸೈಡುಗಳನ್ನೇ. ಅವುಗಳಲ್ಲಿ ಕೆಲವು ಒಂದು ಶಾಖದ ಮೇಲೆ ಲೋಹ, ಕೆಳಗೆ ಅವಾಹಕ. ವನೇಡಿಯಂನ ಒಂದು ಆಕ್ಸೈಡ್, V₂O₃, ಕೋಣೆಯ ಶಾಖದಲ್ಲಿ ಲೋಹದಂತೆ ವಿದ್ಯುತ್ ಹರಿಸುತ್ತದೆ. ಅದನ್ನು ಸೊನ್ನೆಗಿಂತ ಸುಮಾರು 120 ಡಿಗ್ರಿ ಕೆಳಗೆ ತಣಿಸಿದರೆ ರೋಧ ಒಮ್ಮೆಲೇ ಲಕ್ಷಾಂತರ ಪಟ್ಟು ಜಿಗಿಯುತ್ತದೆ. ಎಲೆಕ್ಟ್ರಾನುಗಳ ಸಂಖ್ಯೆ ಮಾತ್ರ ಮೊದಲಿನಷ್ಟೇ ಇರುತ್ತದೆ.