ಒಂದು ಊಟಕ್ಕೆ ಗ್ಯಾಸ್ ಎಷ್ಟು, ಕರೆಂಟು ಎಷ್ಟು?

ಇಂಡಕ್ಷನ್ ಒಲೆ ಕೊಂಡವರನ್ನು ಕೇಳಿದರೆ ಗ್ಯಾಸಿಗಿಂತ ಅಗ್ಗ ಎನ್ನುತ್ತಾರೆ. ಕೊಳ್ಳದವರು ಕರೆಂಟ್ ಬಿಲ್ ನೆನೆದು ಹೆದರುತ್ತಾರೆ. ಲೆಕ್ಕ ಹಾಕಿ ನೋಡಿದರೆ ಇಬ್ಬರ ಮಾತಿಗೂ ಹೆಚ್ಚು ಬಲವಿಲ್ಲ.

ಮನೆಬಳಕೆಯ ಸಿಲಿಂಡರಿನಲ್ಲಿ 14.2 ಕೆ.ಜಿ. ಗ್ಯಾಸ್ ಇರುತ್ತದೆ. ಒಂದು ಕೆ.ಜಿ. ಉರಿದರೆ ಸುಮಾರು 12.7 ಯೂನಿಟ್ ಕರೆಂಟಿನಷ್ಟು ಶಾಖ ಹೊಮ್ಮುತ್ತದೆ. ಆದರೆ ಅದೆಲ್ಲ ಪಾತ್ರೆಗೆ ಸೇರುವುದಿಲ್ಲ, ಒಂದು ಪಾಲು ಪಾತ್ರೆಯ ಪಕ್ಕದಿಂದ ಮೇಲೇರಿ ಅಡುಗೆಮನೆಯನ್ನು ಕಾಯಿಸುತ್ತದೆ. ಗ್ಯಾಸ್ ಒಲೆಯ ದಕ್ಷತೆ ಕನಿಷ್ಠ ಶೇ. 68 ಇರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಅದು ಪ್ರಯೋಗಾಲಯದ ಮಾತು. ಮನೆಯಲ್ಲಿ ಶೇ. 60 ಎಂದು ಹಿಡಿಯುವುದು ವಾಸಿ. ಇಂಡಕ್ಷನ್ ಒಲೆಯಲ್ಲಿ ಪಾತ್ರೆಯ ತಳವೇ ಬಿಸಿಯಾಗುವುದರಿಂದ ಶೇ. 85ರಷ್ಟು ಶಾಖ ಅಡುಗೆಗೆ ದಕ್ಕುತ್ತದೆ. ಹೀಗೆ ಲೆಕ್ಕ ಹಾಕಿದರೆ ಒಂದು ಸಿಲಿಂಡರ್ ಮಾಡುವ ಕೆಲಸವನ್ನು ಇಂಡಕ್ಷನ್ ಒಲೆ ಸುಮಾರು 127 ಯೂನಿಟ್‌ಗಳಲ್ಲಿ ಮುಗಿಸುತ್ತದೆ.

ಈ 127 ಒಂದನ್ನು ನೆನಪಿಟ್ಟುಕೊಂಡರೆ ಸಾಕು. ಸಿಲಿಂಡರಿಗೆ ನೀವು ಕೊಡುವ ಹಣವನ್ನು ಅದರಿಂದ ಭಾಗಿಸಿ. ನಿಮ್ಮ ಕರೆಂಟಿನ ದರ ಬಂದ ಉತ್ತರಕ್ಕಿಂತ ಕಡಿಮೆಯಿದ್ದರೆ ಇಂಡಕ್ಷನ್ ಅಗ್ಗ, ಹೆಚ್ಚಿದ್ದರೆ ಗ್ಯಾಸ್ ಅಗ್ಗ. 2025ರ ಏಪ್ರಿಲ್‌ನಲ್ಲಿ ಬೆಲೆ ಏರಿದಾಗ ಬೆಂಗಳೂರಿನಲ್ಲಿ ಸಿಲಿಂಡರ್ 855 ರೂಪಾಯಿ ಆಸುಪಾಸಿಗೆ ಬಂತು. ಭಾಗಿಸಿದರೆ 6.73. 2025-26ರ ಗೃಹಬಳಕೆಯ ದರ ಯೂನಿಟ್ಟಿಗೆ 5.80, ತೆರಿಗೆ ಮತ್ತು ಸರ್‌ಚಾರ್ಜ್ ಸೇರಿದರೆ ಸುಮಾರು 6.70. ತಕ್ಕಡಿ ಹೆಚ್ಚುಕಡಿಮೆ ಸಮ!

ನಾಲ್ವರ ಮಧ್ಯಾಹ್ನದ ಊಟವನ್ನೇ ನೋಡೋಣ. ಕುಕ್ಕರಿನಲ್ಲಿ ಅನ್ನ, ಬೇಳೆ ಬೇಯಲು 1600 ವ್ಯಾಟ್‌ನಲ್ಲಿ ಹದಿಮೂರು ನಿಮಿಷವೆಂದರೆ 0.35 ಯೂನಿಟ್. ಸಾರು ಕುದಿಸಲು 0.20, ಪಲ್ಯಕ್ಕೂ ಒಗ್ಗರಣೆಗೂ ಸೇರಿ 0.25. ಒಟ್ಟು 0.8 ಯೂನಿಟ್, ಖರ್ಚು 5 ರೂಪಾಯಿ 36 ಪೈಸೆ. ಅದೇ ಊಟಕ್ಕೆ ಸುಮಾರು 90 ಗ್ರಾಂ ಗ್ಯಾಸ್ ಬೇಕು, 5 ರೂಪಾಯಿ 42 ಪೈಸೆ. ಉಳಿತಾಯ ಆರು ಪೈಸೆ. ಇಷ್ಟಕ್ಕಾಗಿ ಹೊಸ ಒಲೆಯನ್ನೂ ಹೊಸ ಕುಕ್ಕರನ್ನೂ ಕೊಳ್ಳಬೇಕೇ? ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಮೇಲೆ ಬಿಸಿಯಾಗುವುದಿಲ್ಲ, ತಳಕ್ಕೆ ಅಯಸ್ಕಾಂತ ಅಂಟುವಂಥದ್ದೇ ಆಗಬೇಕು.

ಈ ಸಮತೋಲ ಕೆಡಲು ಉರಿ ಹಿಡಿಯುವ ಕೈಯೇ ಸಾಕು. ದೊಡ್ಡ ಬರ್ನರಿನ ಮೇಲೆ ಚಿಕ್ಕ ಪಾತ್ರೆಯಿಟ್ಟು ಉರಿ ಪಕ್ಕಕ್ಕೆ ಚಾಚಿದರೆ, ಕಿಟಕಿಯ ಗಾಳಿಗೆ ಜ್ವಾಲೆ ಬಳುಕಿದರೆ, ದಕ್ಷತೆ ಶೇ. 50ಕ್ಕೆ ಇಳಿಯಬಹುದು. ಆಗ ಅದೇ ಊಟಕ್ಕೆ 108 ಗ್ರಾಂ, ಅಂದರೆ ಆರೂವರೆ ರೂಪಾಯಿ. ಜ್ವಾಲೆ ನೀಲಿ ಬಿಟ್ಟು ಹಳದಿಗೆ ತಿರುಗಿ ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ಗ್ಯಾಸ್ ಸರಿಯಾಗಿ ಉರಿಯುತ್ತಿಲ್ಲ ಎಂದೇ ತಿಳಿಯಿರಿ. ಬರ್ನರಿನ ತೂತುಗಳನ್ನು ಶುಚಿ ಮಾಡಿ.

ಕರ್ನಾಟಕದ ಮನೆಗಳಿಗೆ ನಿಜವಾದ ತಿರುವು ಇರುವುದು ಗೃಹಜ್ಯೋತಿಯಲ್ಲಿ. 2022-23ರ ಸರಾಸರಿ ಬಳಕೆಯ ಮೇಲೆ ಶೇ. 10 ಸೇರಿಸಿದಷ್ಟು ಯೂನಿಟ್ ಉಚಿತ. ಅದನ್ನು ಮೀರಿದರೆ ಹೆಚ್ಚುವರಿಗೆ ಮಾತ್ರ ಹಣ. ಆದರೆ ತಿಂಗಳಿಗೆ 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ತಿಂಗಳಿಗೆ 130 ಯೂನಿಟ್ ಬಳಸುವ, 143 ಉಚಿತವಿರುವ ಮನೆಯೊಂದನ್ನು ಊಹಿಸಿ. ಸಿಲಿಂಡರ್ ನಲವತ್ತೈದು ದಿನ ಬರುತ್ತದೆ. ಅಡುಗೆಯೆಲ್ಲ ಇಂಡಕ್ಷನ್ನಿಗೆ ಬಂದರೆ ತಿಂಗಳಿಗೆ 85 ಯೂನಿಟ್ ಹೆಚ್ಚಿ 215 ಆಗುತ್ತದೆ. ಉಳಿದ ಗ್ಯಾಸಿನ ಬೆಲೆ 570 ರೂಪಾಯಿ. ಬಂದ ಕರೆಂಟ್ ಬಿಲ್ 1,440, ಅದರ ಮೇಲೆ ನಿಗದಿತ ಶುಲ್ಕ ಬೇರೆ. ಅದೇ ಮನೆ 60 ಯೂನಿಟ್‌ಗಳಷ್ಟು ಅಡುಗೆಯನ್ನು ಮಾತ್ರ ಇಂಡಕ್ಷನ್ನಿಗೆ ಬಿಟ್ಟರೆ ಒಟ್ಟು 190. ಹಣ ಕಟ್ಟಬೇಕಾದದ್ದು 47 ಯೂನಿಟ್ಟಿಗೆ, ಸುಮಾರು 315 ರೂಪಾಯಿ. ಉಳಿದ ಗ್ಯಾಸ್ 400 ರೂಪಾಯಿಯದು. ಅನ್ನ, ಬೇಳೆ, ಹಾಲು, ಕಾಫಿಯ ನೀರನ್ನು ಇಂಡಕ್ಷನ್ನಿಗೆ ಬಿಟ್ಟು, ರೊಟ್ಟಿ ಮತ್ತು ಬದನೆಕಾಯಿ ಸುಡುವ ಕೆಲಸವನ್ನು ಗ್ಯಾಸಿಗೇ ಉಳಿಸಿಕೊಳ್ಳುವುದು ಇಂಥ ಮನೆಗೆ ಒಳ್ಳೆಯದು.

ಉಜ್ವಲಾ ಸಂಪರ್ಕದವರ ಲೆಕ್ಕ ಬೇರೆ. 2025-26ರಲ್ಲಿ ಸಿಲಿಂಡರಿಗೆ ಸಿಗುತ್ತಿದ್ದ 300 ರೂಪಾಯಿ ಸಹಾಯಧನ ಕಳೆದರೆ ಉಳಿಯುತ್ತಿದ್ದದ್ದು 555. 127ರಿಂದ ಭಾಗಿಸಿದರೆ 4.37. ಉಚಿತ ಯೂನಿಟ್ ಮುಗಿದ ಮೇಲೆ ಕರೆಂಟು ಈ ದರಕ್ಕೆ ಸಿಗುವುದಿಲ್ಲ, ಅವರಿಗೆ ಗ್ಯಾಸೇ ಅಗ್ಗ.