43 ಸೆಕೆಂಡು ಕಡಿದ ಸಂಪರ್ಕ, 24 ಗಂಟೆಯ ಪರದಾಟ

2018ರ ಅಕ್ಟೋಬರ್ 22, ಸೋಮವಾರ. ಭಾರತದಲ್ಲಿ ಬೆಳಗಿನ ಜಾವ 4 ಗಂಟೆ 22 ನಿಮಿಷ. ಅಮೆರಿಕದಲ್ಲಿ ಇನ್ನೂ ಭಾನುವಾರ. ಜಗತ್ತಿನ ಪ್ರೋಗ್ರಾಮರ್‌ಗಳು ತಮ್ಮ ಕೋಡ್ ಇಟ್ಟುಕೊಳ್ಳುವ ಗಿಟ್‌ಹಬ್ ತಾಣದವರು ಅಲ್ಲಿನ ಪೂರ್ವ ಕರಾವಳಿಯಲ್ಲಿ ಕೆಡುತ್ತಿದ್ದ ಒಂದು ಆಪ್ಟಿಕಲ್ ಉಪಕರಣವನ್ನು ಬದಲಿಸುತ್ತಿದ್ದರು. ಆ ಕೆಲಸದ ನಡುವೆ ಅವರ ನೆಟ್‌ವರ್ಕ್ ಕೇಂದ್ರಕ್ಕೂ ಮುಖ್ಯ ಡೇಟಾ ಸೆಂಟರಿಗೂ ಇದ್ದ ಸಂಪರ್ಕ ತಪ್ಪಿತು. 43 ಸೆಕೆಂಡಿನಲ್ಲಿ ಮತ್ತೆ ಬಂತು. ಆದರೆ ಸೇವೆ ಪೂರ್ತಿ ಹಳಿಗೆ ಬರಲು ಹಿಡಿದದ್ದು 24 ಗಂಟೆ 11 ನಿಮಿಷ. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಿಗೆ ಅದು ವಾರದ ಮೊದಲ ಕೆಲಸದ ದಿನ. ಇಡೀ ದಿನ ಅದರಲ್ಲೇ ಹೋಯಿತು.

ಇಷ್ಟು ಸಣ್ಣ ಕಡಿತಕ್ಕೆ ಇಷ್ಟು ದೊಡ್ಡ ಪರದಾಟ ಏಕೆ ಎಂದು ತಿಳಿಯಬೇಕಾದರೆ ಕ್ಯಾಪ್ ಪ್ರಮೇಯ ಗೊತ್ತಿರಬೇಕು. ಎರಿಕ್ ಬ್ರೂವರ್ 2000ದಲ್ಲಿ ಇದನ್ನು ಒಂದು ಊಹೆಯಾಗಿ ಮುಂದಿಟ್ಟರು. ಸೇತ್ ಗಿಲ್ಬರ್ಟ್ ಮತ್ತು ನ್ಯಾನ್ಸಿ ಲಿಂಚ್ 2002ರಲ್ಲಿ ಸಾಧಿಸಿ ತೋರಿಸಿದರು. ಸಾಧನೆಯ ತಿರುಳು ಯಾರಿಗಾದರೂ ಅರ್ಥವಾಗುವಷ್ಟು ಸರಳ.

ಒಂದೇ ಮಾಹಿತಿಯ ಎರಡು ಪ್ರತಿಗಳಿವೆ ಎನ್ನಿ, ಒಂದು ಪೂರ್ವದಲ್ಲಿ, ಇನ್ನೊಂದು ಪಶ್ಚಿಮದಲ್ಲಿ. ನಡುವಿನ ತಂತಿ ಕಡಿದಿದೆ. ಪೂರ್ವದಲ್ಲಿ ಒಬ್ಬರು ತಂತ್ರಾಂಶದ ಒಂದು ದೋಷವನ್ನು ‘ಸರಿಪಡಿಸಲಾಗಿದೆ’ ಎಂದು ಗುರುತು ಹಾಕುತ್ತಾರೆ. ಮರುಕ್ಷಣ ಪಶ್ಚಿಮದಲ್ಲಿ ಇನ್ನೊಬ್ಬರು ಅದೇ ದೋಷದ ಸ್ಥಿತಿ ಕೇಳುತ್ತಾರೆ. ಪಶ್ಚಿಮದ ಸರ್ವರಿಗೆ ಹೊಸ ಸುದ್ದಿ ಮುಟ್ಟಿಲ್ಲ. ಅದರ ಮುಂದೆ ಎರಡೇ ದಾರಿ: ತನಗೆ ಗೊತ್ತಿರುವ ಹಳೆಯ ಉತ್ತರ ಕೊಡುವುದು, ಇಲ್ಲವೇ ‘ಈಗ ಹೇಳಲಾರೆ’ ಎನ್ನುವುದು. ಹಳೆಯದನ್ನು ಕೊಟ್ಟರೆ ಕನ್ಸಿಸ್ಟೆನ್ಸಿ ಹೋಯಿತು. ಹೇಳಲಾರೆ ಎಂದರೆ ಅವೈಲಬಿಲಿಟಿ ಹೋಯಿತು. ಮೂರನೆಯ ದಾರಿ ಇಲ್ಲ. ಪ್ರಮೇಯ ಹೇಳುವುದು ಇಷ್ಟನ್ನೇ.

ಆದರೆ ಪಾಠ ಹೇಳುವವರು ಹೆಚ್ಚಾಗಿ ಒಂದು ತ್ರಿಕೋನ ಬರೆದು, ಮೂಲೆಗಳಲ್ಲಿ ಕನ್ಸಿಸ್ಟೆನ್ಸಿ, ಅವೈಲಬಿಲಿಟಿ, ಪಾರ್ಟಿಷನ್ ತಾಳಿಕೆ ಎಂದಿಟ್ಟು, ‘ಮೂರರಲ್ಲಿ ಎರಡನ್ನು ಆರಿಸಿಕೊಳ್ಳಿ’ ಎಂದುಬಿಡುತ್ತಾರೆ. ಆ ಚಿತ್ರ ಮಾಡಿದಷ್ಟು ಹಾನಿಯನ್ನು ಈ ವಿಷಯಕ್ಕೆ ಬೇರೇನೂ ಮಾಡಿಲ್ಲ ಎಂಬುದು ನನ್ನ ಅಭಿಪ್ರಾಯ. ಪಾರ್ಟಿಷನ್ ಎಂದರೆ ಸರ್ವರ್‌ಗಳ ನಡುವಿನ ಸಂದೇಶಗಳು ತಲುಪದೆ ಹೋಗುವುದು. ಅದು ನಾವು ಬೇಕು, ಬೇಡ ಎನ್ನುವ ಸಂಗತಿಯಲ್ಲ. ಜೆಸಿಬಿ ಕೇಬಲ್ ಕಿತ್ತಾಗ, ರೂಟರ್ ಕೆಟ್ಟಾಗ ಅದು ತಾನಾಗಿಯೇ ಬರುತ್ತದೆ. ಬಂದಾಗ ಉಳಿದೆರಡರಲ್ಲಿ ಯಾವುದನ್ನು ಬಿಡುತ್ತೀರಿ ಎಂಬುದೊಂದೇ ಪ್ರಶ್ನೆ. ಬಾರದಿದ್ದಾಗ ಎರಡನ್ನೂ ಇಟ್ಟುಕೊಳ್ಳಬಹುದು. ‘ಮೂರರಲ್ಲಿ ಎರಡು’ ಎಂಬ ಮಾತು ದಾರಿ ತಪ್ಪಿಸುತ್ತದೆ ಎಂದು 2012ರಲ್ಲಿ ಬ್ರೂವರ್ ಅವರೇ ಬರೆದರು.

ಇನ್ನೆರಡು ಗೊಂದಲಗಳಿಗೆ ಕಾರಣ ಹೆಸರುಗಳು. ಬ್ಯಾಂಕಿನ ಡೇಟಾಬೇಸ್ ಬಗ್ಗೆ ಮಾತಾಡುವಾಗ ಕನ್ಸಿಸ್ಟೆನ್ಸಿ ಎಂದರೆ ಖಾತೆಯ ಶಿಲ್ಕು ಸೊನ್ನೆಗಿಂತ ಕೆಳಗಿಳಿಯಬಾರದು ಎಂಬಂಥ ನಿಯಮಗಳು ಮುರಿಯದಿರುವುದು. ಕ್ಯಾಪ್‌ನಲ್ಲಿ ಅದರ ಅರ್ಥ ಬೇರೆ: ಪ್ರತಿಗಳು ಎಷ್ಟೇ ಇರಲಿ, ಒಂದೇ ಪ್ರತಿ ಇದ್ದಂತೆ ನಡೆದುಕೊಳ್ಳಬೇಕು, ಬರೆದು ಮುಗಿದ ಮೇಲೆ ಯಾರು ಓದಿದರೂ ಹೊಸದೇ ಸಿಗಬೇಕು. ಹಾಗೆಯೇ ಅವೈಲಬಿಲಿಟಿ ಎಂದರೆ ‘ವರ್ಷದಲ್ಲಿ 99.9 ಶೇಕಡಾ ಹೊತ್ತು ನಮ್ಮ ಸೇವೆ ನಡೆಯುತ್ತದೆ’ ಎಂಬ ಕಂಪನಿಗಳ ಲೆಕ್ಕವಲ್ಲ. ಕೆಟ್ಟುಹೋಗದ ಪ್ರತಿಯೊಂದು ಸರ್ವರೂ ಉತ್ತರ ಕೊಡಲೇಬೇಕು ಎಂಬ ಕಟ್ಟುನಿಟ್ಟಿನ ಷರತ್ತು ಅದು. ವಿಚಿತ್ರವೆಂದರೆ, ಎಷ್ಟು ಬೇಗ ಕೊಡಬೇಕು ಎಂಬುದನ್ನು ಅದು ಹೇಳುವುದೇ ಇಲ್ಲ. ಅರ್ಧ ಗಂಟೆ ಬಿಟ್ಟು ಬಂದ ಉತ್ತರವೂ ಉತ್ತರವೇ.

ಈ ಕೊರತೆಯನ್ನು ತುಂಬಿದ್ದು ಡೇನಿಯಲ್ ಅಬಾಡಿ ಅವರ ಪ್ಯಾಸೆಲ್ಕ್. 2010ರಲ್ಲಿ ಮುಂದಿಟ್ಟ ಅವರ ವಾದ ಹೀಗಿದೆ: ಪಾರ್ಟಿಷನ್ ಆದಾಗ ಅವೈಲಬಿಲಿಟಿಯೋ ಕನ್ಸಿಸ್ಟೆನ್ಸಿಯೋ ಎಂದು ಕೇಳುವುದು ಸರಿ. ಆದರೆ ಪಾರ್ಟಿಷನ್ ಆಗುವುದು ಅಪರೂಪ. ಎಲ್ಲವೂ ಚೆನ್ನಾಗಿರುವ ದಿನವೂ, ಪ್ರತಿಗಳಿರುವ ಕಡೆಯಲ್ಲೆಲ್ಲ, ಇನ್ನೊಂದು ಆಯ್ಕೆ ನಡೆಯುತ್ತಲೇ ಇರುತ್ತದೆ: ಬೇಗ ಉತ್ತರಿಸಬೇಕೋ, ಕನ್ಸಿಸ್ಟೆನ್ಸಿ ಕಾಯಬೇಕೋ?

ಬೆಳಕು ಗಾಜಿನ ಫೈಬರಿನಲ್ಲಿ ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಓಡುತ್ತದೆ. ಅಮೆರಿಕದ ಎರಡು ಕರಾವಳಿಗಳ ನಡುವೆ ಸುಮಾರು 4,000 ಕಿಲೋಮೀಟರ್. ಹೋಗಿ ಬರಲು ಕಡಿಮೆಯೆಂದರೂ 40 ಮಿಲಿಸೆಕೆಂಡು ಬೇಕು. ಕೇಬಲ್ ನೆಟ್ಟಗೆ ಹೋಗದ ಕಾರಣ ವಾಸ್ತವದಲ್ಲಿ ಇನ್ನೂ ಹೆಚ್ಚು. 60 ಎಂದಿಟ್ಟುಕೊಳ್ಳಿ. ಪ್ರತಿ ಬರಹಕ್ಕೂ ಆಚೆ ಕರಾವಳಿಯ ಒಪ್ಪಿಗೆ ಕಾದರೆ ಪ್ರತಿ ಸಲವೂ ಈ 60 ತೆರಬೇಕು. ಕಾಯದೆ ‘ಆಯಿತು’ ಎಂದುಬಿಟ್ಟು ಆಮೇಲೆ ಪ್ರತಿ ಕಳಿಸಿದರೆ ಕೆಲಸ ಚುರುಕು. ಆದರೆ ‘ಆಯಿತು’ ಎಂದದ್ದು ಕೆಲ ಹೊತ್ತು ಒಂದೇ ಕಡೆ ಇರುತ್ತದೆ.

ಗಿಟ್‌ಹಬ್ ಈ ಎರಡನೆಯ ದಾರಿ ಹಿಡಿದಿತ್ತು. ಬರಹಗಳು ಪೂರ್ವದ ಮೈಎಸ್‌ಕ್ಯೂಎಲ್ ಡೇಟಾಬೇಸಿಗೆ ಬಿದ್ದು, ಬಳಿಕ ಪಶ್ಚಿಮಕ್ಕೆ ನಕಲಾಗುತ್ತಿದ್ದವು. ಸಂಪರ್ಕ ಕಡಿದಾಗ ಮೇಲ್ವಿಚಾರಣೆಯ ‘ಆರ್ಕೆಸ್ಟ್ರೇಟರ್’ ತಂತ್ರಾಂಶ ಬಹುಮತ ಕೂಡಿಸಿ, ಮುಖ್ಯ ಡೇಟಾಬೇಸ್ ಇನ್ನು ಪಶ್ಚಿಮದ್ದು ಎಂದು ತೀರ್ಮಾನಿಸಿತು. ಅದು ತನ್ನ ನಿಯಮದಂತೆಯೇ ನಡೆದುಕೊಂಡಿತು. ಎಡವಟ್ಟು ಇದ್ದದ್ದು ಬೇರೆಡೆ: ಬಹುಮತ ಕೂಡಿದ್ದು ‘ಯಜಮಾನ ಯಾರು’ ಎಂಬುದರ ಮೇಲೆ ಮಾತ್ರ, ಡೇಟಾ ಏನಿದೆ ಎಂಬುದರ ಮೇಲಲ್ಲ. ಕಡಿತಕ್ಕೆ ಸ್ವಲ್ಪ ಮೊದಲು ಪೂರ್ವದಲ್ಲಿ ಬಿದ್ದ ಬರಹಗಳು ಪಶ್ಚಿಮಕ್ಕೆ ಬಂದೇ ಇರಲಿಲ್ಲ. ಅತಿ ಗದ್ದಲದ ಡೇಟಾಬೇಸ್ ಗುಂಪುಗಳಲ್ಲಿ ಒಂದರಲ್ಲೇ ಇಂಥವು 954.

ಎಂಜಿನಿಯರ್‌ಗಳಿಗೆ ಪರಿಸ್ಥಿತಿ ಮನದಟ್ಟಾಗುವ ಹೊತ್ತಿಗೆ ಪಶ್ಚಿಮ ಸುಮಾರು 40 ನಿಮಿಷದ ಹೊಸ ಬರಹಗಳನ್ನು ತೆಗೆದುಕೊಂಡಾಗಿತ್ತು. ಪೂರ್ವದಲ್ಲಿರುವುದು ಪಶ್ಚಿಮದಲ್ಲಿಲ್ಲ, ಪಶ್ಚಿಮದ್ದು ಪೂರ್ವದಲ್ಲಿಲ್ಲ. ಹಿಂದಕ್ಕೆ ಹೋದರೆ ಬಳಕೆದಾರರ 40 ನಿಮಿಷದ ಕೆಲಸ ಮಣ್ಣುಪಾಲು. ಪಶ್ಚಿಮದಲ್ಲೇ ಉಳಿದರೆ ಲೇಟೆನ್ಸಿ ಕಾಡುತ್ತದೆ: ತಾಣದ ಪ್ರೋಗ್ರಾಮ್‌ಗಳು ಪೂರ್ವದಲ್ಲಿದ್ದವು, ಪಕ್ಕದಲ್ಲೇ ಡೇಟಾಬೇಸ್ ಇದೆ ಎಂದುಕೊಂಡೇ ಅವನ್ನು ಬರೆಯಲಾಗಿತ್ತು. ಒಂದು ಪುಟ ತೆರೆಯಲು ಒಂದಾದ ಮೇಲೊಂದರಂತೆ 20 ಬಾರಿ ಡೇಟಾಬೇಸ್ ಕೇಳಬೇಕು ಎನ್ನಿ. 60 ಮಿಲಿಸೆಕೆಂಡಿನಂತೆ 1.2 ಸೆಕೆಂಡು ದಾರಿಯಲ್ಲೇ ಹೋಗುತ್ತದೆ. ಕೊನೆಗೆ ಅವರು ವೇಗಕ್ಕಿಂತ ಡೇಟಾ ಮುಖ್ಯವೆಂದು ನಿರ್ಧರಿಸಿ, ಕೆಲವು ಸೇವೆಗಳನ್ನು ತಾವೇ ನಿಲ್ಲಿಸಿ, ಬ್ಯಾಕಪ್‌ನಿಂದ ಪೂರ್ವವನ್ನು ಮತ್ತೆ ಕಟ್ಟಿ, ಪಶ್ಚಿಮದೊಂದಿಗೆ ಸರಿದೂಗಿಸಿದರು. ಅಷ್ಟೂ ಹೊತ್ತು ಬಳಕೆದಾರರಿಗೆ ಕೆಲವೆಡೆ ಹಳೆಯ ಮಾಹಿತಿ ಕಾಣುತ್ತಿತ್ತು. ಕೋಡ್ ಭಂಡಾರಗಳಿಗೆ ಮಾತ್ರ ಧಕ್ಕೆಯಾಗಲಿಲ್ಲ.

ಹಾಗಾಗಿ ‘ಈ ಡೇಟಾಬೇಸ್ ಕನ್ಸಿಸ್ಟೆನ್ಸಿಯದು, ಆ ಡೇಟಾಬೇಸ್ ಅವೈಲಬಿಲಿಟಿಯದು’ ಎಂದು ಹಣೆಪಟ್ಟಿ ಹಚ್ಚುವವರ ಮಾತನ್ನು ಪೂರ್ತಿ ನಂಬಬೇಡಿ. ಆಯ್ಕೆ ಇರುವುದು ಹೆಸರಿನಲ್ಲಲ್ಲ, ಸೆಟ್ಟಿಂಗ್‌ನಲ್ಲಿ. ಎಷ್ಟೋ ಸಲ ಒಂದೊಂದು ಓದಿನಲ್ಲಿ. ಅಮೆಜಾನ್‌ನ ಡೈನಮೊಡಿಬಿಯಲ್ಲಿ ನೀವು ಏನೂ ಹೇಳದಿದ್ದರೆ ಓದಿದ್ದು ತುಸು ಹಳೆಯದಿರಬಹುದು. `ConsistentRead` ಎಂಬುದನ್ನು `true` ಮಾಡಿದರೆ ಹೊಸದೇ ಬರುತ್ತದೆ, ಆದರೆ ಆ ಓದಿಗೆ ಎರಡು ಪಟ್ಟು ಸಾಮರ್ಥ್ಯ ಖರ್ಚಾಗುತ್ತದೆ. ಗಿಟ್‌ಹಬ್ ಆ ಘಟನೆಯ ನಂತರ ಘೋಷಿಸಿದ ಬದಲಾವಣೆಗಳಲ್ಲಿ ಒಂದು ಇಂಥದ್ದೇ ಸೆಟ್ಟಿಂಗ್: ಮುಖ್ಯ ಡೇಟಾಬೇಸಿನ ಪಟ್ಟವನ್ನು ಒಂದು ಪ್ರದೇಶದಿಂದ ಇನ್ನೊಂದಕ್ಕೆ ದಾಟಿಸಲು ಆರ್ಕೆಸ್ಟ್ರೇಟರಿಗೆ ಇನ್ನು ಅನುಮತಿ ಇಲ್ಲ.